ಪಹಣಿಯನ್ನು ಓದುವ ಬಗೆ: ಐದು ಗುಂಟೆಯ ಒಂದು ಲೆಕ್ಕ

ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ಬೆಳೆಸಾಲದ ಅರ್ಜಿಯೊಂದಿಗೆ ಪಹಣಿಯನ್ನೂ ಹಿಡಿದು ಬಂದಿದ್ದರು. ಮನೆ ಶಿವಮೊಗ್ಗದ ರಾಗಿಗುಡ್ಡದ ಬದಿಯಲ್ಲಿ, ತೋಟ ಭದ್ರಾವತಿ ಕಡೆಯ ಹಳ್ಳಿಯೊಂದರಲ್ಲಿ. ಕುರ್ಚಿಯಲ್ಲಿ ಕೂರುವ ಮೊದಲೇ ಅವರು ಕೇಳಿದ್ದು ಸಾಲದ ವಿಷಯವಲ್ಲ. "ಅಪ್ಪನ ಜಮೀನು ಮೂರು ಎಕರೆ ಹತ್ತು ಗುಂಟೆ. ಅಣ್ಣನಿಗೂ ನನಗೂ ಸಮಪಾಲು. ನನ್ನ ಹೆಸರಿಗೆ ಒಂದು ಎಕರೆ ಇಪ್ಪತ್ತು ಗುಂಟೆ ಮಾತ್ರ ಕೂರಿಸಿದ್ದಾರೆ. ನನ್ನ ಐದು ಗುಂಟೆ ಎಲ್ಲಿ ಹೋಯ್ತು ಸ್ವಾಮಿ?" ಎಂದರು. ಅಣ್ಣನ ಮೇಲೆ ಅನುಮಾನ ಬಂದು ಎರಡು ವರ್ಷದಿಂದ ಮಾತು ಬಿಟ್ಟಿದ್ದಾರೆಂದೂ ತಿಳಿಯಿತು. ಅದೇ ಪಹಣಿಯನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ; ಗುರುತು ಸಿಗದಂತೆ ನಂಬರನ್ನಷ್ಟೇ ಬದಲಿಸಿ 47/2 ಎಂದು ಬರೆದಿದ್ದೇವೆ.

ತಲೆಬರಹದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಎಂದು ಇರುವುದನ್ನು ಮೊದಲು ನೋಡಬೇಕು. ಸರ್ವೆ ನಂಬರು ಆಯಾ ಗ್ರಾಮದೊಳಗಿನದು, 47 ಎಂಬ ನಂಬರು ಪಕ್ಕದ ಗ್ರಾಮದಲ್ಲೂ ಇರುತ್ತದೆ. ನಾವು ಬಾಯಲ್ಲಿ ಕರೆಯುವ ಊರಿನ ಹೆಸರು ಬೇರೆ, ಕಂದಾಯ ಗ್ರಾಮದ ಹೆಸರು ಬೇರೆ ಇರಬಹುದು. ಪೇಟೆ ಬೆಳೆದು ಗ್ರಾಮವನ್ನು ನುಂಗಿದ ಕಡೆಗಳಲ್ಲಂತೂ ಇದು ಸಾಮಾನ್ಯ. 47ರ ಪಕ್ಕದ 2 ಎಂಬುದು ಹಿಸ್ಸಾ, ಅಂದರೆ ಆ ನಂಬರಿನ ಒಂದು ಭಾಗ.

ಐದು ಗುಂಟೆಯ ಉತ್ತರ ಇದ್ದದ್ದು 3ನೇ ಅಂಕಣದಲ್ಲಿ. ಅಲ್ಲಿ ಒಟ್ಟು ವಿಸ್ತೀರ್ಣ 3.10.00 ಎಂದಿತ್ತು. ಇದನ್ನು ದಶಾಂಶ ಎಂದು ಓದಬಾರದು. ಮೊದಲನೆಯದು ಎಕರೆ, ಎರಡನೆಯದು ಗುಂಟೆ, ಮೂರನೆಯದು ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹೀಗಾಗಿ 2.20 ಎಂದರೆ ಎರಡೂವರೆ ಎಕರೆ. ನಮ್ಮ ಸದಸ್ಯರ ಲೆಕ್ಕ ಇಲ್ಲಿಯವರೆಗೆ ಸರಿಯೇ: 130 ಗುಂಟೆಯಲ್ಲಿ ಅರ್ಧ 65 ಗುಂಟೆ, ಅಂದರೆ 1.25. ಆದರೆ ಅದರ ಕೆಳಗೆ ಇನ್ನೂ ಸಾಲುಗಳಿದ್ದವು. ಖರಾಬು (ಅ) 0.04, ಖರಾಬು (ಬ) 0.06, ಉಳಿದದ್ದು 3.00. ಕಂದಾಯ ನಿಂತಿರುವುದೂ, 9ನೇ ಅಂಕಣದಲ್ಲಿ ಪಾಲು ಬಿದ್ದಿರುವುದೂ ಈ ಉಳಿದ ಮೂರು ಎಕರೆಯ ಮೇಲೆ. ಅಣ್ಣನಿಗೆ 1.20, ತಮ್ಮನಿಗೆ 1.20. ಕೂಡಿದರೆ ಸರಿಯಾಗಿ 3.00. ಅಣ್ಣ ಒಂದು ಆಣೆಯನ್ನೂ ಹೆಚ್ಚಿಗೆ ಬರೆಸಿಕೊಂಡಿರಲಿಲ್ಲ.

ಖರಾಬಿನ ಎರಡು ಬಗೆಯ ಭೇದವನ್ನು ತೋಟಗಾರರು ಚೆನ್ನಾಗಿ ತಿಳಿದಿರಬೇಕು. (ಅ) ಎಂದರೆ ಬಂಡೆ, ಗುಂಡಿ ಮುಂತಾಗಿ ಸಾಗುವಳಿಗೆ ಬಾರದೆಂದು ಅಳತೆಯ ಕಾಲದಲ್ಲಿ ಬಿಟ್ಟ ಜಾಗ. ಅದಕ್ಕೆ ಕಂದಾಯವಿಲ್ಲ, ಆದರೆ ಜಮೀನಿನವರ ವಶದಲ್ಲೇ ಇರುತ್ತದೆ. (ಬ) ಹಾಗಲ್ಲ. ಹಳ್ಳ, ದಾರಿ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಮೀಸಲಾದದ್ದು, ಸರ್ಕಾರದ್ದು. ಈ ತೋಟದಲ್ಲಿ (ಬ) ಖರಾಬಾದ ಆರು ಗುಂಟೆ ಹಳ್ಳದ ಜಾಗ. ತಂದೆಯ ಕಾಲದಲ್ಲೇ ಹಳ್ಳದ ಅಂಚಿಗೆ ಎರಡು ಸಾಲು ಅಡಿಕೆ ಹಾಕಿದ್ದಾರಂತೆ. ಗಿಡ ಎಷ್ಟು ಹಳೆಯದಾದರೂ ಆ ನೆಲ ಇವರದ್ದೆಂದು ಪಹಣಿ ಹೇಳುವುದಿಲ್ಲ.

9ನೇ ಅಂಕಣದ ಹೆಸರು ಹೇಗೆ ಬಂತು ಎಂಬುದನ್ನು 10ನೇ ಅಂಕಣ ಹೇಳುತ್ತದೆ. ಕ್ರಯವೋ, ವಿಭಾಗವೋ, ಪೌತಿಯೋ ಎಂಬುದರ ಜೊತೆಗೆ ಮ್ಯುಟೇಷನ್ ರಿಜಿಸ್ಟರಿನ ನಂಬರು, ಅಂದರೆ ಎಂ.ಆರ್. ನಂಬರು ಅಲ್ಲಿರುತ್ತದೆ. ತಕರಾರು ಬಂದಾಗ ಆ ನಂಬರಿನ ನಕಲು ತೆಗೆಸಿ ನೋಡಬೇಕೇ ಹೊರತು ಪಹಣಿಯನ್ನೇ ಹಿಡಿದು ಜಗಳವಾಡಿ ಫಲವಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಕಲಮಿನಂತೆ ಪಹಣಿಯ ನಮೂದನ್ನು, ತಪ್ಪೆಂದು ರುಜುವಾಗುವವರೆಗೆ, ಸರಿಯೆಂದೇ ಭಾವಿಸಲಾಗುತ್ತದೆ. ಅದು ಹಕ್ಕಿಗೆ ಆಧಾರವಾದ ಪತ್ರವಲ್ಲ. ಪತ್ರ ಬೇರೆಯೇ ಇರಬೇಕು.

ಇನ್ನು 11ನೇ ಅಂಕಣ. ಇತರೆ ಹಕ್ಕುಗಳು ಮತ್ತು ಋಣಗಳು ಎಂಬ ಈ ಜಾಗದಲ್ಲಿ ನಮ್ಮ ಸದಸ್ಯರ ತಂದೆಯ ಹೆಸರಿನಲ್ಲಿ 40,000 ರೂಪಾಯಿಯ ಸಾಲ ಇನ್ನೂ ನಿಂತಿತ್ತು. "ಅದು ತೀರಿ ಹನ್ನೆರಡು ವರ್ಷವಾಯಿತು, ರಸೀದಿ ಇದೆ" ಎಂದರು. ರಸೀದಿ ಇದ್ದರೂ ನಮೂದು ತಾನಾಗಿ ಅಳಿಯುವುದಿಲ್ಲ. ಸಾಲ ಕೊಟ್ಟವರು ಬಾಕಿ ಇಲ್ಲವೆಂದು ಬರೆದುಕೊಟ್ಟು, ಭೋಜ ಇಳಿಸಲು ಕಂದಾಯ ಇಲಾಖೆಗೆ ತಿಳಿಸಿ, ಅದು ಮ್ಯುಟೇಷನ್ ಆದ ಮೇಲೆ ಹೊಸ ಪಹಣಿಯಲ್ಲಿ ಅಂಕಣ ಖಾಲಿಯಾಗುತ್ತದೆ. ಸಾಲದ ಘೋಷಣೆ ಉಪನೋಂದಣಾಧಿಕಾರಿಗಳ ಕಚೇರಿಗೂ ಹೋಗಿರುತ್ತದೆಯಾದ್ದರಿಂದ ಋಣಭಾರ ಪತ್ರದಲ್ಲೂ ಅದು ಇಳಿದಿದೆಯೇ ಎಂದು ನೋಡಬೇಕು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಉಳಿದಿರುವ ಪ್ರಕರಣಗಳನ್ನು ನಾವೇ ಕಂಡಿದ್ದೇವೆ. ಈಗ ಬ್ಯಾಂಕುಗಳು ಫ್ರೂಟ್ಸ್ ತಂತ್ರಾಂಶದ ಮೂಲಕ ಭೋಜವನ್ನು ಕಚೇರಿಗೆ ಅಲೆಯದೆ ಕೂರಿಸುವುದು ಉಂಟು. ಆದರೆ ಕೈಬರಹದ ಕಾಲದಿಂದ ಬಂದ ಹಳೆಯ ನಮೂದುಗಳಿಗೆ ಕಾಗದ ಹಿಡಿದು ಓಡಾಡುವುದು ತಪ್ಪಿಲ್ಲ.

ತಂದೆ ಸಾಲ ಮಾಡಿದಾಗ ಪಾಲಾಗಿರಲಿಲ್ಲವಾದ್ದರಿಂದ ಭೋಜ ಪೂರಾ 3.00 ಎಕರೆಯ ಮೇಲೆ ಕೂತಿತ್ತು. ತಮ್ಮನಿಗೆ ಅಡ್ಡಿಯಾದ ನಮೂದು ಅಣ್ಣನಿಗೂ ಅಡ್ಡಿಯೇ. ಹಾಗೆಂದು 11ನೇ ಅಂಕಣ ಖಾಲಿ ಇದ್ದರೆ ಸಾಲವೇ ಇಲ್ಲವೆಂದು ನಂಬಿ ಜಮೀನು ಕೊಳ್ಳುವುದೂ ತಪ್ಪು. ಕೈಗಡದ ಸಾಲ, ಚಿನ್ನದ ಮೇಲಿನ ಸಾಲ ಅಲ್ಲಿಗೆ ಬರುವುದಿಲ್ಲ.

ಕೊನೆಯದಾಗಿ 12ನೇ ಅಂಕಣ: ಸಾಗುವಳಿದಾರರ ಹೆಸರು, ವರ್ಷ, ಹಂಗಾಮು, ಬೆಳೆ, ಅದರ ವಿಸ್ತೀರ್ಣ. ಎಂಟು ವರ್ಷದ ಅಡಿಕೆ ತೋಟಕ್ಕೆ ಇಲ್ಲಿ "ಭತ್ತ" ಎಂದಿತ್ತು. ಹಿಂದೆ ಅದು ಗದ್ದೆಯೇ ಆಗಿತ್ತು, ನಮೂದು ಮಾತ್ರ ಹಿಂದೆಯೇ ಉಳಿದಿದೆ. ಇದರಿಂದಾಗುವ ಹಾನಿ ಸಾಲಕ್ಕಿಂತ ವಿಮೆಯಲ್ಲಿ ಹೆಚ್ಚು. ಅಡಿಕೆಗೆಂದು ಹವಾಮಾನ ಆಧಾರಿತ ವಿಮೆಯ ಕಂತು ಕಟ್ಟಿ, ಬೆಳೆ ಸಮೀಕ್ಷೆಯಲ್ಲಿ ಭತ್ತ ಎಂದಿದ್ದರೆ ಎರಡನ್ನೂ ತಾಳೆ ನೋಡಿದಾಗ ಪರಿಹಾರ ತಡೆಯಾಗುತ್ತದೆ. ಈಗಿನ ಸಮೀಕ್ಷೆಯನ್ನು ಮೊಬೈಲ್ ಹಿಡಿದು ಜಮೀನಿನಲ್ಲೇ ನಿಂತು, ಫೋಟೊ ತೆಗೆದು ಮಾಡುತ್ತಾರೆ. ರೈತರೇ ಮಾಡಿಕೊಳ್ಳಲು ಬೇರೆ ಆ್ಯಪ್ ಇದೆ. ದಾಖಲಾದದ್ದನ್ನು "ಬೆಳೆ ದರ್ಶಕ" ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆಯನ್ನೂ ಅಲ್ಲೇ ಸಲ್ಲಿಸಬಹುದು. ಆ ಅವಧಿ ಮುಗಿಯುವ ಮುನ್ನ ಮಾಡಬೇಕು, ಪರಿಹಾರದ ಪಟ್ಟಿ ಬಂದ ಮೇಲಲ್ಲ. ಅಡಿಕೆಯ ನಡುವೆ ಮೆಣಸು, ಕಾಫಿ ಇದ್ದರೆ ಮಿಶ್ರಬೆಳೆಯೆಂದು ಅವನ್ನೂ ಬರೆಸಿಕೊಳ್ಳಬೇಕು.

ಇಲ್ಲಿ ಇನ್ನೊಂದು ತೊಡಕು ಬಂತು. ಪಹಣಿಯಲ್ಲಿ ಪಾಲು ಬಿದ್ದಿದ್ದರೂ 47/2 ಪೋಡಿಯಾಗಿಲ್ಲ. ಯಾರ 1.20 ಯಾವ ಕಡೆ ಎಂಬುದು ನಕ್ಷೆಯಲ್ಲಿ ಇಲ್ಲ. ಅಣ್ಣನ ಕಡೆ ಇನ್ನೂ ಗದ್ದೆ, ತಮ್ಮನ ಕಡೆ ತೋಟ. ಸಮೀಕ್ಷೆಯವರು ಗದ್ದೆಯ ಬದುವಿನಲ್ಲಿ ನಿಂತರೆ ಭತ್ತ ಬೀಳುವುದು ಸಹಜ. ಮುಂದೆ ಪಾಲು ಮಾರಬೇಕೆಂದರೂ ಮೊದಲು 11ಇ ನಕ್ಷೆ ಬೇಕು. ಅಳತೆಯಾಗಿ ಪೋಡಿಯಾದರೆ ಇಬ್ಬರಿಗೂ ಬೇರೆ ಹಿಸ್ಸಾ, ಬೇರೆ ಪಹಣಿ ಬರುತ್ತದೆ. ಅಳತೆಯ ದಿನ ಅಣ್ಣನೂ ಜಾಗದಲ್ಲಿದ್ದು ಗಡಿ ಒಪ್ಪಿ ಸಹಿ ಹಾಕಿದರೆ ಮುಂದೆ ತಕರಾರಿರದು.

ಸದಸ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಖರಾಬಿನ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ಆ ಪಹಣಿಯ ಇನ್ನೊಂದು ಪ್ರತಿ ಕೊಡಿ ಎಂದು ಕೇಳಿದರು, ಅಣ್ಣನಿಗೆ ತೋರಿಸಲು.