ಅಪ್ಪನ ಸಿಮ್ ಮೊದಲು ಮುಚ್ಚಬೇಡಿ



ನವೆಂಬರ್ 2ರಂದು ನಾವೆಲ್ಲ ಸಮಾಧಿಗಳನ್ನು ಶುಚಿಮಾಡಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ ಅಗಲಿದವರಿಗಾಗಿ ಪ್ರಾರ್ಥಿಸಿದೆವು. ಅಂದು ಸಮಾಧಿಯ ಬಳಿಯೇ ತಿರುಪ್ಪೂರಿನ ಒಬ್ಬ ಅಕ್ಕ ನಮ್ಮ ಯುವಜನರ ಹತ್ತಿರ ಬಂದು ತಮ್ಮ ಫೋನ್ ತೋರಿಸಿದರು. ವಾಟ್ಸ್‌ಆ್ಯಪ್‌ನಲ್ಲಿ ‘ಅಪ್ಪ’ ಎಂಬ ಹೆಸರಿನ ಪಕ್ಕದಲ್ಲಿ ಗುರುತೇ ಇಲ್ಲದ ಹುಡುಗನ ಫೋಟೊ ಇತ್ತು. ಅಪ್ಪ ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. “ಅಮ್ಮ ಇದನ್ನು ನೋಡಿ ಎರಡು ದಿನ ಊಟ ಮಾಡಲಿಲ್ಲ. ಅಪ್ಪನ ಫೋನಿನಲ್ಲಿ ಯಾರೋ ಸೇರಿಕೊಂಡಿದ್ದಾರಾ?” ಎಂದು ಕೇಳಿದರು.

ಯಾರೂ ಸೇರಿಕೊಂಡಿರಲಿಲ್ಲ. ಅಪ್ಪ ತೀರಿಕೊಂಡ ಹತ್ತನೇ ದಿನ, ರೀಚಾರ್ಜ್ ಹಣ ಏಕೆ ದಂಡ ಎಂದು ತಮ್ಮ ಆ ಸಿಮ್ಮನ್ನು ಮುಚ್ಚಿಸಿದ್ದ. ಮುಚ್ಚಿದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅಂದರೆ ಆ ಅವಧಿ ಮುಗಿದ ಮೇಲೆ ಕೊಡಬಹುದು. ಹಾಗೆಯೇ ಅದು ಹೊಸಬರಿಗೆ ಹೋಗಿತ್ತು. ಅಪ್ಪನ ಹಳೆಯ ಸಂದೇಶಗಳು ಆ ಹುಡುಗನಿಗೆ ಸಿಗುವುದಿಲ್ಲ, ಏಕೆಂದರೆ ಅವು ಅಪ್ಪನ ಫೋನಿನಲ್ಲೇ ಉಳಿದಿರುತ್ತವೆ. ಆದರೆ ಅಪ್ಪನ ಜಿಮೇಲ್, ಫೇಸ್‌ಬುಕ್ ಎಲ್ಲದಕ್ಕೂ ಒಟಿಪಿ ಹೋಗುವುದು ಆ ನಂಬರಿಗೇ. ಇನ್ನು ಮುಂದೆ ಆ ಒಟಿಪಿ ಹೊಸಬರ ಕೈಗೆ ಹೋಗುತ್ತದೆ, ಮನೆಯವರಿಗೆ ಬರುವುದಿಲ್ಲ.

ಆ ಕುಟುಂಬದ ಜೊತೆ ಕುಳಿತು ಕೆಲಸ ಮುಗಿಸುವಾಗ ನಾವು ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಮರಣ ಪ್ರಮಾಣಪತ್ರ

ಎಲ್ಲ ಕೆಲಸಕ್ಕೂ ಬೇಕಾದ ಕಾಗದ ಇದೊಂದೇ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಕೊಯಮತ್ತೂರು, ತಿರುಪ್ಪೂರು ನಗರದೊಳಗೆ ಇದು ಕಾರ್ಪೊರೇಷನ್ನಿನ ಕೆಲಸ, ಹಳ್ಳಿಯ ಪಂಚಾಯಿತಿಗಳಲ್ಲಿ ವಿಎಒ ಅವರದು. ನಮ್ಮ ಗುರುಗಳು ಸಮಾಧಿ ದಾಖಲೆಯಿಂದ ಬರೆದುಕೊಡುವ ಪತ್ರ ಚರ್ಚಿನ ಕೆಲಸಕ್ಕೆ ಸಾಕು. ಆದರೆ ಗೂಗಲ್‌ಗೂ ಬ್ಯಾಂಕಿಗೂ ಅದು ಮರಣ ಪ್ರಮಾಣಪತ್ರದ ಬದಲಿಗೆ ಆಗುವುದಿಲ್ಲ.

ಪತ್ರ ಕೈಗೆ ಬಂದ ಕೂಡಲೇ ಎರಡು ವಿಷಯ ನೋಡಿ. ಒಂದು, ಹೆಸರು ಮತ್ತು ದಿನಾಂಕ ಇಂಗ್ಲಿಷಿನಲ್ಲಿಯೂ ಇವೆಯೇ? ತಮಿಳಿನಲ್ಲಿ ಮಾತ್ರ ಇದ್ದರೆ, ಅಥವಾ ಅಪ್ಪ ಕರ್ನಾಟಕದಲ್ಲಿ ತೀರಿಕೊಂಡು ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ, ಗೂಗಲ್ ಇಂಗ್ಲಿಷ್ ಅನುವಾದ ಕೇಳುತ್ತದೆ. ಆ ಅನುವಾದಕ್ಕೆ ನೋಟರಿಯ ಸಹಿ, ಮುದ್ರೆ ಇರಬೇಕು.

ಎರಡನೆಯದು ಹೆಸರು. ಇದು ನಮ್ಮಂಥ ಮನೆಗಳಲ್ಲೇ ಹೆಚ್ಚು ತೊಡಕು ಕೊಡುವ ವಿಷಯ. ಈ ಅಕ್ಕನ ಅಪ್ಪ ಜ್ಞಾನಸ್ನಾನದ ದಾಖಲೆಯಲ್ಲಿ ಚಿನ್ನಪ್ಪ. ಆಧಾರಿನಲ್ಲಿ Chinnappan. ಬನಿಯನ್ ಕಂಪನಿಯ ಸ್ನೇಹಿತರು ಮಾಡಿಕೊಟ್ಟ ಜಿಮೇಲ್‌ನಲ್ಲಿ Sinnappan. ಮರಣ ಪ್ರಮಾಣಪತ್ರದಲ್ಲಿ ಆಧಾರಿನಂತೆಯೇ Chinnappan. ದೂರದಲ್ಲಿ ಕುಳಿತು ಅರ್ಜಿ ನೋಡುವವರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತಾರೆ. ಈ ಎರಡು ಹೆಸರೂ ಒಬ್ಬರದೇ ಎಂದು ಮಗಳು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿದರು. ಅದನ್ನು ಮರಣ ಪ್ರಮಾಣಪತ್ರದ ಜೊತೆ ಒಂದೇ ಪಿಡಿಎಫ್ ಮಾಡಿದೆವು.

ಸಿಮ್ಮನ್ನು ಉಳಿಸಿಕೊಳ್ಳುವುದು

ಎಲ್ಲ ಖಾತೆಗಳೂ ಮುಚ್ಚುವವರೆಗೆ ನಂಬರ್ ಜೀವಂತವಾಗಿರಲಿ. ಬಳಸದೆ ಬಿಟ್ಟರೂ ಅಪಾಯವಿದೆ: ಪ್ರೀಪೇಯ್ಡ್ ನಂಬರು 90 ದಿನ ಯಾವ ಬಳಕೆಯೂ ಇಲ್ಲದೆ ಬಿದ್ದಿದ್ದರೆ ಕಡಿತವಾಗಬಹುದು. ಆದ್ದರಿಂದ ಚಿಕ್ಕ ರೀಚಾರ್ಜ್ ಮಾಡಿ. ಆದರೆ ತೀರಿಕೊಂಡವರ ಹೆಸರಿನಲ್ಲಿ ಸಿಮ್ಮನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದೂ ಸರಿಯಲ್ಲ. ಮೊಬೈಲ್ ಕಂಪನಿಯ ಕಚೇರಿಗೆ ಹೋಗಿ ಅಮ್ಮನ ಅಥವಾ ಮಕ್ಕಳಲ್ಲಿ ಒಬ್ಬರ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಮರಣ ಪ್ರಮಾಣಪತ್ರ, ಹೆಸರಿಗೆ ಪಡೆಯುವವರ ಗುರುತಿನ ಚೀಟಿ, ಸಂಬಂಧದ ದಾಖಲೆ ಮತ್ತು ಸಾಮಾನ್ಯವಾಗಿ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ.

ಸಂಬಂಧದ ದಾಖಲೆಯಾಗಿ ನಮ್ಮಲ್ಲಿ ಹೆಚ್ಚು ನಡೆಯುವುದು ತಹಶೀಲ್ದಾರರು ಕೊಡುವ ವಾರಸುದಾರ ಪ್ರಮಾಣಪತ್ರ. ಇದಕ್ಕೆ ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಬ್ಯಾಂಕಿಗೂ ಜಮೀನಿಗೂ ಹೇಗೂ ಬೇಕಾಗುವ ಕಾಗದವಾದ್ದರಿಂದ, ಮರಣ ಪ್ರಮಾಣಪತ್ರ ಬಂದ ವಾರದಲ್ಲೇ ಅರ್ಜಿ ಹಾಕಿದರೆ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ. ಸಿಮ್ ಕೈಯಲ್ಲಿದೆ, ಪಿನ್ ಗೊತ್ತಿದೆ ಎಂದು ಅಪ್ಪನ ಯುಪಿಐನಿಂದಲೋ ಎಟಿಎಂ ಕಾರ್ಡಿನಿಂದಲೋ ಹಣ ತೆಗೆಯಬೇಡಿ. ಅಂತ್ಯಕ್ರಿಯೆಯ ಖರ್ಚಿಗೇ ಆದರೂ ಬೇಡ. ಆ ಹಣ ಎಲ್ಲ ವಾರಸುದಾರರಿಗೂ ಸೇರಿದ್ದು. ನಾಳೆ ಅಣ್ಣತಮ್ಮಂದಿರ ನಡುವೆ ಮಾತು ಬಂದರೆ ಆ ಒಂದು ವರ್ಗಾವಣೆಯೇ ಜಗಳಕ್ಕೆ ಮೂಲವಾಗುತ್ತದೆ. ಬ್ಯಾಂಕಿಗೆ ಮರಣದ ಸುದ್ದಿ ತಿಳಿಸಿ, ನಾಮಿನಿ ಇದ್ದರೆ ಅವರ ಮೂಲಕ ಕ್ಲೇಮ್ ಅರ್ಜಿ ಕೊಡಿ.

ಫೋಟೊ ತೆಗೆದ ಮೇಲೆ ಮುಚ್ಚುವುದು

ಮುಚ್ಚಿದ ಖಾತೆ ಮತ್ತೆ ತೆರೆಯುವುದಿಲ್ಲ. ಅದರೊಳಗಿನ ಫೋಟೊಗಳೂ ಹೋಗುತ್ತವೆ. ಈ ಮನೆಯಲ್ಲಿ ಸಿಮ್ ಹೋಗಿದ್ದರೂ ಅಪ್ಪನ ಫೋನ್ ಇತ್ತು, ಅದನ್ನು ತೆರೆಯುವ ಗುರುತು ಅಮ್ಮನಿಗೆ ಗೊತ್ತಿತ್ತು. ಕೇಬಲ್ ಹಾಕಿ ಕಂಪ್ಯೂಟರಿಗೆ ಎಲ್ಲವನ್ನೂ ಇಳಿಸಿದೆವು. ಮದುವೆಯ ಬೆಳ್ಳಿಹಬ್ಬದ ಫೋಟೊಗಳು, ಮೊಮ್ಮಗಳ ಮೊದಲ ಪರಮಪ್ರಸಾದದ ದಿನದ್ದು, ವಾಟ್ಸ್‌ಆ್ಯಪ್‌ನಲ್ಲಿ ಅಪ್ಪನ ದನಿಯ ಸಂದೇಶಗಳು, ಎಲ್ಲವೂ ಸಿಕ್ಕವು. ಫೋನ್ ತೆರೆಯಲು ಆಗದೇ ಹೋಗಿದ್ದರೆ ಗೂಗಲನ್ನೇ ಕೇಳಬೇಕಿತ್ತು. ಆ ದಾರಿ ಕಷ್ಟದ್ದು: ಗೂಗಲ್ ಯಾರಿಗೂ ಪಾಸ್‌ವರ್ಡ್ ಕೊಡುವುದಿಲ್ಲ, ಖಾತೆಯೊಳಗಿನದನ್ನು ಕೊಡಲು ಕೋರ್ಟಿನ ಆದೇಶವನ್ನೂ ಕೇಳಬಹುದು. ಮುಚ್ಚಿಸುವುದು ಅದಕ್ಕಿಂತ ಬಹಳ ಸುಲಭ.

ಬೇರೆ ಖಾತೆಗಳ ಪತ್ರಗಳು ಜಿಮೇಲ್‌ಗೇ ಬರುವುದರಿಂದ ಅದನ್ನು ಕೊನೆಗೆ ಇಟ್ಟುಕೊಂಡೆವು. ಮೊದಲು ಕೈಗೆತ್ತಿಕೊಂಡದ್ದು ಫೇಸ್‌ಬುಕ್. ಅಲ್ಲಿ ಎರಡು ದಾರಿಗಳಿವೆ. ಪುಟವನ್ನು ನೆನಪಿಗಾಗಿ ಉಳಿಸಬಹುದು. ಆಗ ಹೆಸರಿನ ಜೊತೆ Remembering ಎಂದು ಬರುತ್ತದೆ, ಯಾರೂ ಒಳಗೆ ಹೋಗಲಾಗುವುದಿಲ್ಲ, ಹಳೆಯ ಫೋಟೊಗಳು ಉಳಿಯುತ್ತವೆ. ಅಥವಾ ಪೂರ್ತಿ ತೆಗೆಸಬಹುದು. ತೆಗೆಸಲು ಹತ್ತಿರದ ಸಂಬಂಧಿಯೇ ಕೇಳಬೇಕು, ಮರಣ ಪ್ರಮಾಣಪತ್ರ ಕಳಿಸಬೇಕು. ಅದು ಇನ್ನೂ ಬಂದಿಲ್ಲವಾದರೆ ಎರಡು ದಾಖಲೆ ಬೇಕು: ಕೇಳುವ ಅಧಿಕಾರ ನಿಮಗಿದೆ ಎಂದು ತೋರಿಸುವ ಉಯಿಲಿನಂಥದ್ದು ಒಂದು, ಮರಣವನ್ನು ತೋರಿಸುವ ಪತ್ರಿಕೆಯ ಮರಣವಾರ್ತೆ ಅಥವಾ ಸ್ಮರಣೆಯ ಕಾರ್ಡು ಇನ್ನೊಂದು. ನಾವು ಪೂಜೆಯ ನಂತರ ಹಂಚುವ ನೆನಪಿನ ಕಾರ್ಡು ಇಲ್ಲಿ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಅದರಲ್ಲಿ ಪೂರ್ತಿ ಹೆಸರು, ಮರಣದ ದಿನಾಂಕ ಸರಿಯಾಗಿ ಅಚ್ಚಾಗಿರಲಿ. ಅಮ್ಮ ಪುಟವನ್ನು ಉಳಿಸೋಣ ಎಂದರು, ಹಾಗೆಯೇ ಮಾಡಿದೆವು.

ವಾಟ್ಸ್‌ಆ್ಯಪ್‌ಗೆ ಅರ್ಜಿ ಬೇಕಿಲ್ಲ. ಸಿಮ್ ಇದ್ದಾಗಲೇ ಅಪ್ಪನ ಫೋನಿನಲ್ಲಿ ಸೆಟ್ಟಿಂಗ್ಸ್, ಅಕೌಂಟ್ ಒಳಗೆ ಹೋಗಿ ಅಳಿಸಬಹುದು. ಸುಮ್ಮನೆ ಬಿಟ್ಟರೂ 120 ದಿನ ಬಳಕೆ ಇಲ್ಲದ ಖಾತೆಯನ್ನು ಸಾಮಾನ್ಯವಾಗಿ ಅವರೇ ಅಳಿಸುತ್ತಾರೆ. ಈ ಮನೆಯಲ್ಲಿ ನಂಬರೇ ಬೇರೆಯವರದಾಗಿತ್ತು. ಮನೆಯ ಗುಂಪುಗಳಿಂದ ಆ ನಂಬರನ್ನು ತೆಗೆದು, ಎಲ್ಲರ ಫೋನಿನಲ್ಲೂ ‘ಅಪ್ಪ’ ಎಂಬ ಹೆಸರನ್ನು ಆ ನಂಬರಿನಿಂದ ಅಳಿಸುವುದಷ್ಟೇ ಉಳಿದಿತ್ತು. ಆ ಕೆಲಸವನ್ನು ಅಮ್ಮನ ಫೋನಿನಲ್ಲಿ ಅಕ್ಕನೇ ಮಾಡಿದರು.

ಕೊನೆಗೆ ಗೂಗಲ್. ತೀರಿಕೊಂಡವರ ಖಾತೆಗಾಗಿಯೇ ಇರುವ ಅರ್ಜಿಯಲ್ಲಿ “Close the account of a deceased user” ಎಂಬುದನ್ನು ಆರಿಸಬೇಕು. ಅಪ್ಪನ ಪೂರ್ತಿ ಹೆಸರು, ಜಿಮೇಲ್ ವಿಳಾಸ, ಮರಣದ ದಿನಾಂಕ, ಅರ್ಜಿದಾರರ ಹೆಸರು, ವಿಳಾಸ, ಸಂಬಂಧ ಬರೆಯಬೇಕು. ಅರ್ಜಿದಾರರ ಸರ್ಕಾರಿ ಗುರುತಿನ ಚೀಟಿ ಮತ್ತು ಮರಣ ಪ್ರಮಾಣಪತ್ರದ ಸ್ಕ್ಯಾನ್ ಸೇರಿಸಬೇಕು. ಅಕ್ಕ ತಮ್ಮ ವೋಟರ್ ಐಡಿ ಕೊಟ್ಟರು. ಆಧಾರ್ ಕೊಡುವವರು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಕೊಡುವುದು ಒಳ್ಳೆಯದು. ಹೆಸರಿನ ಅಫಿಡವಿಟ್ ಜೊತೆಗಿದ್ದುದರಿಂದ Sinnappan ಎಂಬ ಖಾತೆಯ ಬಗ್ಗೆ ಮತ್ತೆ ಪ್ರಶ್ನೆ ಬರಲಿಲ್ಲ. ಕೆಲವು ವಾರಗಳಲ್ಲಿ ಖಾತೆ ಮುಚ್ಚಿತು ಎಂಬ ಪತ್ರ ಬಂತು.

ಗೂಗಲ್, ಫೇಸ್‌ಬುಕ್ ಎರಡೂ ಇದಕ್ಕೆ ಹಣ ಕೇಳುವುದಿಲ್ಲ. ಹುಡುಕಿದಾಗ ಸಿಗುವ ‘ಕಸ್ಟಮರ್ ಕೇರ್’ ನಂಬರಿನವರು ಹಣ ಕೇಳಿದರೆ ಅಥವಾ ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಿ ಎಂದರೆ ಮೋಸವೆಂದೇ ತಿಳಿಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇರುವಾಗಲೇ ಮಾಡಬಹುದಾದದ್ದು

ಗೂಗಲ್‌ನಲ್ಲಿ Inactive Account Manager ಎಂಬ ಏರ್ಪಾಡಿದೆ. 3, 6, 12 ಅಥವಾ 18 ತಿಂಗಳು ಖಾತೆ ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕು, ಯಾರಿಗೆ ಫೋಟೊಗಳನ್ನು ಕೊಡಬೇಕು, ಆಮೇಲೆ ಖಾತೆಯನ್ನು ಅಳಿಸಬೇಕೇ ಎಂದು ಇರುವವರೇ ಹೇಳಿಡಬಹುದು. ಹತ್ತು ಜನರ ತನಕ ಸೇರಿಸಬಹುದು. ಫೇಸ್‌ಬುಕ್‌ನಲ್ಲೂ ತಮ್ಮ ನಂತರ ಪುಟ ನೋಡಿಕೊಳ್ಳುವವರನ್ನು ಹೆಸರಿಸಬಹುದು. ಇದನ್ನು ಮಾಡಿಟ್ಟರೆ ಮೇಲೆ ಹೇಳಿದ ಓಡಾಟದ ಬಹುಪಾಲು ಉಳಿಯುತ್ತದೆ.

ಅಪ್ಪ ಅಮ್ಮನ ಹತ್ತಿರ ಈ ಮಾತೆತ್ತಲು ನಮಗೂ ನಾಲಿಗೆ ತಡವರಿಸುತ್ತದೆ. ನಮ್ಮಲ್ಲೊಬ್ಬರು ಮನೆಯಲ್ಲಿ ಹೀಗೆ ಆರಂಭಿಸಿದರು: “ಅಪ್ಪಾ, ನಿಮ್ಮ ಫೋನ್ ಕಳೆದುಹೋದರೆ ಫೋಟೊ ಹೇಗೆ ತೆಗೆಯುವುದು, ನೋಡೋಣವಾ?” ಅಪ್ಪ ನಕ್ಕು, “ಫೋನ್ ಕಳೆದರೆ ಅಂತೀಯಾ, ನಾನು ಹೋದರೆ ಅಂತೀಯಾ?” ಎಂದರಂತೆ. ಆಮೇಲೆ ಇಬ್ಬರೂ ಕುಳಿತು ಹತ್ತು ನಿಮಿಷದಲ್ಲಿ ಮುಗಿಸಿದರು.

ಈ ಕೆಲಸದಲ್ಲಿ ಸಹಾಯ ಬೇಕಾದವರು ಭಾನುವಾರ ಕನ್ನಡ ಪೂಜೆಯ ನಂತರ ಯುವಜನರ ಕೊಠಡಿಗೆ ಬನ್ನಿ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ತೀರಿಕೊಂಡವರ ಫೋನ್ ತನ್ನಿ. ಪಾಸ್‌ವರ್ಡ್, ಪಿನ್ ಯಾವುದನ್ನೂ ನಮಗೆ ಹೇಳಬೇಡಿ, ಬರೆದುಕೊಡಲೂ ಬೇಡಿ. ಸಿಮ್ ಮಾತ್ರ ಫೋನಿನಲ್ಲೇ ಇರಲಿ.