ಚಿತ್ರದ ಹಿಂದೆ ಸರಿಯಾದ ಪದ: ಎರಡು ಬದಿಯ ಮಿಂಚುಪಟ್ಟಿಗಳನ್ನು ಮುದ್ರಿಸುವ ಬಗೆ

ಒಂದನೇ ತರಗತಿಯ ಕನ್ನಡ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳ ಚೀಲದಲ್ಲಿ ಮಿಂಚುಪಟ್ಟಿ ಇದ್ದೇ ಇರುತ್ತದೆ. ಈಚೆಗೆ ಡ್ರಾಯಿಂಗ್ ಹಾಳೆಯಲ್ಲಿ ಕೈಯಿಂದ ಬರೆದವುಗಳಿಗಿಂತ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ಎರಡೂ ಬದಿ ಮುದ್ರಿಸಿದವೇ ಹೆಚ್ಚು: ಒಂದು ಬದಿಯಲ್ಲಿ ಚಿತ್ರ, ಹಿಂಬದಿಯಲ್ಲಿ ಪದ. ಕೈಬರಹದ ಪಟ್ಟಿಯಲ್ಲಿ ಚಿತ್ರ ಒಂದು, ಪದ ಇನ್ನೊಂದು ಆಗುವ ಸಂಭವ ಕಡಿಮೆ, ಏಕೆಂದರೆ ಪ್ರತಿ ಪಟ್ಟಿಯನ್ನೂ ಕೈಯಲ್ಲಿ ತಿರುಗಿಸಿಯೇ ಬರೆಯುತ್ತೇವೆ. ಒಂದೇ ಹಾಳೆಯಲ್ಲಿ ಆರು ಪಟ್ಟಿ ಮುದ್ರಿಸಿ ಕತ್ತರಿಸುವಾಗ ಆ ಖಾತರಿ ಇರುವುದಿಲ್ಲ. ಪದ ತಪ್ಪಿದೆಯೆಂದು ದೊಡ್ಡವರಿಗೆ ಒಂದು ನೋಟಕ್ಕೇ ತಿಳಿಯುತ್ತದೆ. ಪಟ್ಟಿ ಯಾರ ಕೈಗೆ ಹೋಗುತ್ತದೆಯೋ ಆ ಮಗುವಿಗೆ ತಿಳಿಯುವುದಿಲ್ಲ. ಓದಲು ಇನ್ನೂ ಬಾರದ ಮಗು ಹಿಂಬದಿಯಲ್ಲಿ ಏನಿದೆಯೋ ಅದನ್ನೇ ನಂಬುತ್ತದೆ.

ಒಂದು ಹಾಳೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮ್ಮಲ್ಲಿ ಅಕ್ಷರ ಕಲಿಕೆ 'ರ ಗ ಸ ದ ಅ'ದಿಂದ ಆರಂಭವಾಗಿ 'ಜ ವ ಮ ಬ ನ'ಕ್ಕೆ ಸಾಗುವ ಕ್ರಮ ಎಲ್ಲರಿಗೂ ಗೊತ್ತು. ಈ ಹತ್ತು ಅಕ್ಷರಗಳಲ್ಲೇ ಸಿಗುವ ಆರು ಪದಗಳು: ಸರ, ಮರ, ಗರಗಸ, ಅರಸ, ದನ, ಜನ. ಒಂದು ಎ4 ಹಾಳೆಯ ಮುಂಬದಿಯಲ್ಲಿ ಇವುಗಳ ಚಿತ್ರಗಳನ್ನು ಎರಡು ಕಂಬಸಾಲು, ಮೂರು ಅಡ್ಡಸಾಲುಗಳಲ್ಲಿ ಹೀಗೆ ಇಟ್ಟಿದ್ದೇವೆ ಎಂದುಕೊಳ್ಳಿ:

ಸರ | ಮರ
ಗರಗಸ | ಅರಸ
ದನ | ಜನ

ಎರಡನೆಯ ಪುಟದಲ್ಲಿ ಪದಗಳನ್ನೂ ಇದೇ ಕ್ರಮದಲ್ಲಿ ಟೈಪ್ ಮಾಡಿದರೆ ಏನಾಗುತ್ತದೆ? ಹಾಳೆಯನ್ನು ಪುಸ್ತಕದ ಪುಟದಂತೆ ಮಗುಚಿದಾಗ ಎಡಗಡೆ ಇದ್ದದ್ದು ಬಲಗಡೆಗೆ ಬರುತ್ತದೆ. ಸರದ ಚಿತ್ರದ ಬೆನ್ನಿಗೆ 'ಮರ', ದನದ ಬೆನ್ನಿಗೆ 'ಜನ'. ಎರಡೂ ಜೋಡಿಗಳಲ್ಲಿ ವ್ಯತ್ಯಾಸ ಮೊದಲ ಅಕ್ಷರದ್ದು ಮಾತ್ರ, ಮತ್ತು ನಾವು ಕಲಿಸಲು ಹೊರಟಿರುವುದೂ ಅದೇ ವ್ಯತ್ಯಾಸವನ್ನು. ಸರದ ಚಿತ್ರ ನೋಡಿ 'ಸರ' ಎಂದು ಸರಿಯಾಗಿ ಹೇಳಿದ ಮಗು ಪಟ್ಟಿ ತಿರುಗಿಸಿ, 'ಮ'ದ ಆಕಾರವನ್ನು 'ಸ' ಎಂದು ಮನಸ್ಸಿಗೆ ಹಚ್ಚಿಕೊಳ್ಳುತ್ತದೆ.

ಆದ್ದರಿಂದ ಪದಗಳ ಪುಟದಲ್ಲಿ ಪ್ರತಿ ಅಡ್ಡಸಾಲನ್ನೂ ಬಲದಿಂದ ಎಡಕ್ಕೆ ಬರೆಯಬೇಕು:

ಮರ | ಸರ
ಅರಸ | ಗರಗಸ
ಜನ | ದನ

ಸಾಲುಗಳ ಮೇಲು-ಕೆಳಗಿನ ಕ್ರಮ ಹಾಗೆಯೇ ಉಳಿಯುತ್ತದೆ. ಮುದ್ರಣದ ಕಿಟಕಿಯಲ್ಲಿ `Print on both sides` ಆರಿಸಿ, ಅದರ ಕೆಳಗೆ `Flip on long edge` ಎಂಬುದನ್ನು ಗುರುತು ಮಾಡಬೇಕು. ಉದ್ದುದ್ದಕ್ಕೆ ನಿಂತ ಹಾಳೆಯನ್ನು ಅದರ ಉದ್ದ ಅಂಚಿನ ಮೇಲೆ, ಅಂದರೆ ಪುಸ್ತಕದ ಪುಟದಂತೆ ಮಗುಚು ಎಂದು ಇದರ ಅರ್ಥ. `Flip on short edge` ಆದರೆ ಗೋಡೆಯ ಕ್ಯಾಲೆಂಡರಿನ ಹಾಳೆಯಂತೆ ತಲೆಯಿಂದ ಬುಡಕ್ಕೆ ಮಗುಚಿದ ಹಾಗೆ. ಆಗ ಎಡ-ಬಲ ಬದಲಾಗುವುದಿಲ್ಲ, ಮೇಲು-ಕೆಳಗು ಬದಲಾಗುತ್ತದೆ. ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ವಿನ್ಯಾಸ ಮಾಡಿದವರಿಗೆ ಇದೆಲ್ಲ ಅದಲು ಬದಲು. ಅವರು ಇದೇ ಪರಿಣಾಮಕ್ಕೆ `Flip on short edge` ಆರಿಸಬೇಕು. ಗೊಂದಲ ಬೇಡವೆಂದರೆ ಹಾಳೆಯನ್ನು ಉದ್ದಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು.

ತಪ್ಪು ಯಾವುದೆಂದು ಮೊದಲ ಹಾಳೆಯೇ ಹೇಳುತ್ತದೆ. ಹಾಳೆಯನ್ನು ಪುಸ್ತಕದಂತೆ ಮಗುಚಿದಾಗ ಪದ ನೆಟ್ಟಗಿದ್ದು ಪಕ್ಕದ ಚಿತ್ರದ್ದಾಗಿದ್ದರೆ, ಪದಗಳ ಪುಟವನ್ನು ಎಡ-ಬಲ ತಿರುಗಿಸಿಲ್ಲ. ಪದ ತಲೆಕೆಳಗಾಗಿದ್ದರೆ, ಅಂಚಿನ ಆಯ್ಕೆ ತಪ್ಪಾಗಿದೆ. ಪರೀಕ್ಷಿಸುವಾಗ ಮೂಲೆಯ ಚಿತ್ರವನ್ನೇ ನೋಡಬೇಕು. ಮೂರು ಕಂಬಸಾಲುಗಳ ಹಾಳೆಯಲ್ಲಿ ಎಡ-ಬಲ ತಿರುಗಿಸದೆ ಹೋದರೂ ನಡುವಿನ ಕಂಬಸಾಲು ಸರಿಯಾಗಿಯೇ ಬರುತ್ತದೆ. ಅದನ್ನು ನೋಡಿ ಸರಿಯಾಯಿತೆಂದು ಮೂವತ್ತು ಹಾಳೆ ಮುದ್ರಿಸಿದರೆ ಅದರ ಮೂರರಲ್ಲಿ ಎರಡು ಪಾಲು ಪಟ್ಟಿ ವ್ಯರ್ಥ.

ಜೋಡಿ ಸರಿಹೋದ ಮೇಲೆ ಉಳಿಯುವುದು ಸ್ಥಾನದ ಪ್ರಶ್ನೆ. ಪದ ಪಟ್ಟಿಯ ನಡುವೆ ಬೀಳದೆ ಒಂದು ಬದಿಗೆ ಸರಿದರೆ, ಕತ್ತರಿಸುವಾಗ 'ಗರಗಸ'ದ ಕೊನೆಯ ಅಕ್ಷರದ ಅಂಚು ಪಕ್ಕದ ಪಟ್ಟಿಗೆ ಹೋಗುತ್ತದೆ. ವರ್ಡ್‌ನಲ್ಲಿ ಕೋಷ್ಟಕ ಮಾಡುವವರಿಗೆ ಈ ಅಳತೆಗಳು ಹೊಂದುತ್ತವೆ: ಪ್ರತಿ ಕೋಣೆ 9 ಸೆಂ.ಮೀ. ಅಗಲ, 8.4 ಸೆಂ.ಮೀ. ಎತ್ತರ, ಪುಟದ ಅಂಚು ಎಡಕ್ಕೂ ಬಲಕ್ಕೂ ತಲಾ 1.5, ಮೇಲೆ ಕೆಳಗೆ ತಲಾ 2 ಸೆಂ.ಮೀ. ಎ4 ಹಾಳೆಯ ಅಗಲ 21 ಸೆಂ.ಮೀ. ಆದ್ದರಿಂದ ಎರಡು ಕೋಣೆಗಳ 18 ಮತ್ತು ಅಂಚುಗಳ 3 ಸೇರಿ ಸರಿಯಾಗಿ ತುಂಬುತ್ತದೆ. ಇಲ್ಲಿ ಬಿಡಲಾಗದ ನಿಯಮವೆಂದರೆ ಎಡ-ಬಲ ಅಂಚುಗಳು ಸಮನಾಗಿರಬೇಕು ಎಂಬುದು. ಎಡಕ್ಕೆ 2, ಬಲಕ್ಕೆ 1 ಸೆಂ.ಮೀ. ಇಟ್ಟರೆ ಹಾಳೆ ಮಗುಚಿದಾಗ ಆ ವ್ಯತ್ಯಾಸದಷ್ಟು, ಅಂದರೆ ಪೂರ್ತಿ 1 ಸೆಂ.ಮೀ., ಹಿಂಬದಿ ಸರಿಯುತ್ತದೆ. ಕೋಷ್ಟಕವನ್ನೂ `Table Properties` ಒಳಗೆ `Center` ಮಾಡಿಡಬೇಕು. ಮೇಲಿನ ಮತ್ತು ಕೆಳಗಿನ ಅಂಚುಗಳು ಸಮನಾಗಿರದಿದ್ದರೂ ಈ ಬಗೆಯ ಮಗುಚುವಿಕೆಯಲ್ಲಿ ತೊಂದರೆಯಿಲ್ಲ, ಎರಡೂ ಪುಟಗಳಲ್ಲಿ ಒಂದೇ ಆಗಿದ್ದರೆ ಸಾಕು.

ಸಾಲಿನ ಎತ್ತರವನ್ನು `At least` ಎಂದು ಬಿಟ್ಟರೆ ಚಿತ್ರ ದೊಡ್ಡದಾದ ಕಡೆ ಸಾಲು ತಾನಾಗಿ ಹಿಗ್ಗುತ್ತದೆ. ಪದಗಳ ಪುಟದಲ್ಲಿ ಹಿಗ್ಗುವುದಿಲ್ಲ. ಹೀಗಾದಾಗ ಮೊದಲ ಸಾಲು ಹೊಂದಿಕೊಂಡು ಕೆಳಗೆ ಹೋದಂತೆಲ್ಲ ಪದ ಚಿತ್ರದಿಂದ ದೂರವಾಗುತ್ತದೆ. ಎರಡೂ ಪುಟಗಳಲ್ಲಿ `Exactly` ಆರಿಸಿ 8.4 ಎಂದು ಕೊಡಬೇಕು. ಇನ್ನೊಂದು ತಂಟೆ: ಕೋಷ್ಟಕದ ಕೆಳಗೆ ವರ್ಡ್ ಒಂದು ಖಾಲಿ ಸಾಲನ್ನು ತಾನೇ ಇಡುತ್ತದೆ. ಜಾಗ ಸಾಲದಿದ್ದರೆ ಅದು ಮುಂದಿನ ಪುಟಕ್ಕೆ ಉರುಳಿ ಅಲ್ಲೊಂದು ಖಾಲಿ ಪುಟ ಹುಟ್ಟುತ್ತದೆ. ಆಗ ಚಿತ್ರಗಳ ಹಿಂದೆ ಏನೂ ಇಲ್ಲ, ಪದಗಳೆಲ್ಲ ಬೇರೆ ಹಾಳೆಯಲ್ಲಿ. ಮೇಲಿನ ಅಳತೆಯಲ್ಲಿ ಅರ್ಧ ಸೆಂ.ಮೀ. ಉಳಿಸಿರುವುದು ಇದಕ್ಕಾಗಿಯೇ. ಆ ಖಾಲಿ ಸಾಲಿನ ಅಕ್ಷರ ಗಾತ್ರವನ್ನು 1 ಮಾಡಿ, ಅದರ ಹಿಂದೆ ಮುಂದೆ ಹೆಚ್ಚುವರಿ ಅಂತರ ಇಲ್ಲದಂತೆ ನೋಡಿಕೊಂಡರೆ ಸಮಸ್ಯೆ ಮುಗಿಯಿತು.

ಇಷ್ಟು ಮಾಡಿದರೂ ಯಂತ್ರ ಕಾಗದವನ್ನು ಎಳೆದುಕೊಳ್ಳುವಾಗ ಒಂದೆರಡು ಮಿ.ಮೀ. ಸರಿಯುವುದುಂಟು. ಅದನ್ನು ಪೂರ್ತಿ ತಪ್ಪಿಸಲಾಗದು, ಕಾಣದಂತೆ ಮಾಡಬಹುದು. ಕೋಷ್ಟಕದ ಗೆರೆಗಳು ಚಿತ್ರದ ಪುಟದಲ್ಲಿ ಮಾತ್ರ ಇರಲಿ; ಪದದ ಪುಟದಲ್ಲಿ `No Border`. ಚಿತ್ರವಾಗಲಿ ಪದವಾಗಲಿ ಕೋಣೆಯ ಅಂಚಿನಿಂದ ಅರ್ಧ ಸೆಂ.ಮೀ. ಒಳಗೇ ನಿಲ್ಲಲಿ. ಹಿಂಬದಿಗೆ ಚೌಕಟ್ಟು, ಬಣ್ಣದ ಹಿನ್ನೆಲೆ ಹಾಕುವ ಆಸೆಯನ್ನು ಬಿಡಬೇಕು, 2 ಮಿ.ಮೀ. ಸರಿದಾಗ ಖಾಲಿ ಜಾಗದ ನಡುವಿನ ಪದದಲ್ಲಿ ಯಾರಿಗೂ ಅದು ಗೊತ್ತಾಗುವುದಿಲ್ಲ, ಚೌಕಟ್ಟಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಎಷ್ಟು ಸರಿದಿದೆಯೆಂದು ಅಳೆಯಲು ಒಂದು ಗುಂಡುಸೂಜಿ ಸಾಕು. ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಹಿಂಬದಿಗೂ ಗೆರೆ ಬಿಟ್ಟು, ಮುಂಬದಿಯ ಕೋಷ್ಟಕದ ನಾಲ್ಕು ಮೂಲೆಗಳಿಗೆ ಚುಚ್ಚಿ, ತೂತು ಹಿಂಬದಿಯಲ್ಲಿ ಎಲ್ಲಿ ಬಂದಿದೆಯೆಂದು ನೋಡಿ. ನಾಲ್ಕೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಕಾರಣ ಅಂಚು ಅಥವಾ ಕಾಗದದ ಎಳೆತ. ಮೇಲಿನ ಎರಡು ಸರಿಯಿದ್ದು ಕೆಳಗಿನವು ಮಾತ್ರ ತಪ್ಪಿದ್ದರೆ ಸಾಲಿನ ಎತ್ತರವನ್ನು ನೋಡಬೇಕು.

ಮುದ್ರಣಕ್ಕೆ ಜೆರಾಕ್ಸ್ ಅಂಗಡಿಗೆ ಹೋಗುವವರು ಕಡತವನ್ನು ಪಿಡಿಎಫ್ ಮಾಡಿಕೊಂಡೇ ಹೋಗಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫಾಂಟ್ ಬದಲಾದರೆ ಅಳತೆಗಳೂ ಕೈಕೊಡುತ್ತವೆ. ಎರಡೂ ಬದಿಯನ್ನು ತಾನೇ ಮುದ್ರಿಸುವ ಯಂತ್ರವಿಲ್ಲದ ಕಡೆ ಕೈಯಿಂದ ಹಾಳೆ ತಿರುಗಿಸಿ ಹಾಕಬೇಕಾಗುತ್ತದೆ. ಆಗ ಒಂದು ಖಾಲಿ ಹಾಳೆಯ ಮೇಲ್ಮುಖದಲ್ಲಿ ಪೆನ್ಸಿಲಿನಿಂದ ಬಾಣ ಬರೆದು ಒಂದು ಪುಟ ಮುದ್ರಿಸಿ ನೋಡಿ: ಅಚ್ಚು ಬಾಣದ ಬದಿಗೆ ಬಿತ್ತೋ ಹಿಂದಕ್ಕೋ, ಬಾಣದ ತುದಿ ಅಕ್ಷರಗಳ ತಲೆಯ ಕಡೆಗಿದೆಯೋ ಕಾಲಿನ ಕಡೆಗೋ. ಪ್ರತಿ ಯಂತ್ರಕ್ಕೂ ಇದು ಬೇರೆ, ಊಹಿಸಿ ಫಲವಿಲ್ಲ.

ತೆಳುವಾದ ಮಾಮೂಲಿ ಕಾಗದ ಈ ಕೆಲಸಕ್ಕೆ ಒಗ್ಗುವುದಿಲ್ಲ. ಬೆಳಕಿಗೆ ಹಿಡಿದರೆ ಹಿಂದಿನ ಪದ ಕಾಣುತ್ತದೆ, ಮಕ್ಕಳು ಅದನ್ನು ಬೇಗ ಕಂಡುಹಿಡಿಯುತ್ತಾರೆ. ದಪ್ಪ ಕಾರ್ಡ್ ಹಾಳೆಯನ್ನೋ ಅನೇಕ ಯಂತ್ರಗಳು ಎರಡು ಬದಿಗೆ ತಾವಾಗಿ ತಿರುಗಿಸುವುದಿಲ್ಲ. ಇಂಥ ಕಡೆ ಜೋಡಣೆಯ ತಾಪತ್ರಯವೇ ಇಲ್ಲದ ಒಂದು ಹಳೆಯ ಉಪಾಯವಿದೆ. ಒಂದೇ ಬದಿಯಲ್ಲಿ, ಒಂದೇ ಅಡ್ಡಸಾಲಿನಲ್ಲಿ ಎಡಕ್ಕೆ ಚಿತ್ರ, ಬಲಕ್ಕೆ ಅದರದೇ ಪದ ಮುದ್ರಿಸಿ, ನಡುವೆ ಮಡಿಚಿ ಒಳಗೆ ರಟ್ಟಿನ ತುಂಡಿಟ್ಟು ಅಂಟಿಸುವುದು. ಹಾಳೆಗೆ ಆರರ ಬದಲು ಮೂರೇ ಪಟ್ಟಿ ಸಿಗುತ್ತವೆ, ಆದರೆ ಪದ ತಪ್ಪುವ ಮಾತೇ ಇಲ್ಲ. ಹತ್ತು ಹನ್ನೆರಡು ಪಟ್ಟಿ ಬೇಕಾದ ಅಭ್ಯಾಸ ಪಾಠಕ್ಕೆ ನನ್ನ ಮತ ಇದಕ್ಕೇ.

ಇನ್ನು ತರಗತಿಯ ಮಾತು. ಪಾಠ ಯೋಜನೆಗಳಲ್ಲಿ ಸಾಮಾನ್ಯವಾಗಿ 'ಚಿತ್ರ ತೋರಿಸಿ ಪದ ಹೇಳಿಸುವುದು' ಎಂದಷ್ಟೇ ಇರುತ್ತದೆ. ಮರದ ಚಿತ್ರ ನೋಡಿ 'ಮರ' ಎನ್ನಲು ಓದು ಬೇಕಿಲ್ಲ. ಪಟ್ಟಿ ತಿರುಗಿಸಿದ ಮೇಲೂ ಮಗು ಅದೇ ಪದವನ್ನು ನೆನಪಿನಿಂದ ಹೇಳುತ್ತದೆ, ಅಕ್ಷರದ ಮೇಲೆ ಕಣ್ಣೇ ಹೋಗಿರುವುದಿಲ್ಲ. ಓದು ನಡೆಯುವುದು ಪದದ ಬದಿ ಮೇಲಿದ್ದಾಗ. 'ಸರ' ಎಂಬುದನ್ನು ಓದಿ, ತಿರುಗಿಸಿ, ಚಿತ್ರ ನೋಡಿ ತನ್ನ ಓದು ಸರಿಯೇ ಎಂದು ಮಗು ತಾನೇ ತಾಳೆ ನೋಡಬೇಕು. ಮೊದಲ ದಿನ ಚಿತ್ರದಿಂದ ಪದಕ್ಕೆ ಹೋದರೂ ಎರಡನೆಯ ದಿನದಿಂದ ಪಟ್ಟಿಗಳನ್ನು ಪದ ಮೇಲಾಗಿಯೇ ಹರಡಬೇಕು, ಸರ-ಮರ, ದನ-ಜನ ಜೋಡಿಗಳನ್ನು ಅಕ್ಕಪಕ್ಕ ಇಡಬೇಕು. ಮೊದಲ ಅಕ್ಷರ ನೋಡದೆ ಊಹಿಸುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ.

ಚಿತ್ರವನ್ನು ಮುದ್ರಣಕ್ಕೆ ಮುನ್ನವೇ ನಾಲ್ಕಾರು ಮಕ್ಕಳಿಗೆ ಪದವಿಲ್ಲದೆ ತೋರಿಸಿ, ಅವರು ಏನೆನ್ನುತ್ತಾರೆಂದು ಬರೆದುಕೊಳ್ಳಬೇಕು. ನಮ್ಮ ಆರರಲ್ಲಿ ಸರ, ಗರಗಸ ಸಲೀಸಾಗಿ ದಾಟುತ್ತವೆ. ಉತ್ತರ ಕರ್ನಾಟಕದ ಶಾಲೆಯಲ್ಲಿ ಮರದ ಚಿತ್ರಕ್ಕೆ 'ಗಿಡ' ಎಂಬ ಉತ್ತರ ಬರುತ್ತದೆ, ಜನಕ್ಕೆ 'ಮಂದಿ'. ಒಂದೇ ಹಸುವನ್ನು ಬರೆದರೆ 'ಹಸು' ಅಥವಾ 'ಆಕಳು' ಎನ್ನುತ್ತಾರೆಯೇ ಹೊರತು 'ದನ' ಎನ್ನುವುದಿಲ್ಲ. ಕೊಟ್ಟಿಗೆಯಲ್ಲಿ ಹಸು, ಎತ್ತು, ಕರು ಒಟ್ಟಿಗೆ ನಿಂತ ಚಿತ್ರ ಬೇಕು. ಅರಸನ ಚಿತ್ರ ಎಲ್ಲ ಕಡೆಯೂ 'ರಾಜ'ನೇ. ಮಗು ಹೇಳಿದ ಪದ ಸರಿಯಿದ್ದೂ ಪಟ್ಟಿಯ ಬೆನ್ನು ಅದನ್ನು ತಪ್ಪೆಂದು ತೋರಿಸಿದರೆ, ಅದರ ಫಲ ಮುದ್ರಣ ತಪ್ಪಿದಾಗ ಆಗುವಂಥದ್ದೇ. 'ಅರಸ'ವನ್ನು ಮೊದಲು ಕತೆಯಲ್ಲಿ ನಾಲ್ಕು ಬಾರಿ ಕಿವಿಗೆ ಹಾಕಿ, ಆಮೇಲೆ ಪಟ್ಟಿ ಕೈಗೆ ಕೊಡಬೇಕು. 'ಗಿಡ' ಎನ್ನುವ ಊರಿನಲ್ಲಿ ಮಗುವಿನ ಮಾತನ್ನು ಒಪ್ಪಿಕೊಂಡೇ 'ಇದನ್ನು ಮರ ಅಂತಲೂ ಅನ್ನತಾರ' ಎಂದು ಸೇರಿಸಬೇಕು. ಆ ಊರಿನ ಹಾಳೆಯಲ್ಲಿ ಮರದ ಚಿತ್ರವನ್ನು ಮೊದಲ ವಾರ ಬಿಟ್ಟು, ಆ ಕೋಣೆಯನ್ನು ಎರಡೂ ಪುಟಗಳಲ್ಲಿ ಖಾಲಿ ಇಟ್ಟರೂ ಅಡ್ಡಿಯಿಲ್ಲ. ಖಾಲಿ ಬಿಡುವುದು ಮುಂಬದಿಯಲ್ಲಿ ಬಲ ಮೂಲೆ, ಹಿಂಬದಿಯ ಪುಟದಲ್ಲಿ ಎಡ ಮೂಲೆ.