ಝುಮಕಿ ಉಳಿಯಲಿ, ದಾರ ಮಾಯವಾಗಲಿ

ಗದಗ-ಬೆಟಗೇರಿಯಲ್ಲಾಗಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಾಗಲಿ, ಸರಾಫರ ಅಂಗಡಿಯ ಒಡವೆಯನ್ನು ಆನ್‌ಲೈನ್ ಮಾರಾಟಕ್ಕೆ ಇಡಬೇಕೆಂದರೆ ಮೊದಲ ಕಾಟ ಧೂಳಿನದು. ಎರೆ ಸೀಮೆಯ ಸಣ್ಣ ಧೂಳು ಗಾಳಿಗೆ ಎದ್ದು ಬಾಗಿಲು ಹಾಕಿದರೂ ಒಳಗೆ ಬರುತ್ತದೆ. ಕಣ್ಣಿಗೆ ಕಾಣದ ಆ ಕಣ ಹತ್ತಿರದಿಂದ ತೆಗೆದ ಫೋಟೋದಲ್ಲಿ ಕಲ್ಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಅದರ ಜೊತೆಗೆ ಒಡವೆ ತೂಗುಹಾಕಿದ ಟಂಗೂಸ್ ದಾರ, ತಂತಿ, ಸ್ಟ್ಯಾಂಡು. ಇವನ್ನು ಅಳಿಸುವ ಕ್ರಮವನ್ನು ಒಂದು ಚಿನ್ನದ ಝುಮಕಿಯ ಮೇಲೆ ನೋಡೋಣ. ಹಣ ಕೊಡದೆ ಸಿಗುವ GIMP ತಂತ್ರಾಂಶ ಇದಕ್ಕೆ ಸಾಕು.

ಅರ್ಧ ಕೆಲಸ ಕ್ಯಾಮೆರಾ ಎದುರೇ ಮುಗಿಯಬೇಕು. ಝುಮಕಿಯನ್ನು ಮೆತ್ತನೆಯ ಬ್ರಶ್ಶಿನಿಂದ ಝಾಡಿಸಿ, ಬೆರಳಚ್ಚು ಬೀಳದಂತೆ ಕೈಗವಸು ಹಾಕಿ ತೂಗುಹಾಕಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಧೂಳಿಗಿಂತ ಕೆಟ್ಟದು. ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು, ಬೆಳಕು ಮತ್ತು ಫೋಕಸ್ಸನ್ನು ಕೈಯಾರೆ ನಿಲ್ಲಿಸಿ ಮೂರು ಫೋಟೋ ತೆಗೆಯಿರಿ. ಒಂದು, ಇದ್ದದ್ದು ಇದ್ದಂತೆ. ಎರಡನೆಯದು, ಝುಮಕಿಯನ್ನು ಅಲುಗಿಸದೆ ಸ್ಟ್ಯಾಂಡಿನ ಕಾಲಿಗೆ ಬಿಳಿ ಕಾಗದ ಮರೆಮಾಡಿ. ಮೂರನೆಯದು, ಝುಮಕಿ, ದಾರ, ಸ್ಟ್ಯಾಂಡು ಎಲ್ಲ ತೆಗೆದು ಬರೀ ಹಿನ್ನೆಲೆ. ಈ ಎರಡು ಹೆಚ್ಚಿನ ಫೋಟೋಗಳಿಗೆ ಸೋಮಾರಿತನ ಮಾಡಿದವರು ಆಮೇಲೆ ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಕೂಡಬೇಕಾಗುತ್ತದೆ.

ಈಗ ಮೂರನ್ನೂ ಒಂದೇ ಕಡತದಲ್ಲಿ ಪದರಗಳಾಗಿ ತೆರೆಯಿರಿ: ಖಾಲಿ ಹಿನ್ನೆಲೆ ಕೆಳಗೆ, ಕಾಗದದ ಫೋಟೋ ನಡುವೆ, ಮೊದಲ ಫೋಟೋ ಮೇಲೆ. ನಡುವಿನ ಪದರದ ಕಣ್ಣಿನ ಗುರುತು ಸದ್ಯಕ್ಕೆ ಮುಚ್ಚಿಡಿ. ಮೇಲಿನ ಪದರಕ್ಕೆ Layer > Mask ಮೂಲಕ ಬಿಳಿ ಮುಸುಕು ಹಾಕಿ, ಕಪ್ಪು ಬಣ್ಣದ ಕುಂಚದಿಂದ ದಾರದ ಮೇಲೆ ಎಳೆಯಿರಿ. ಬಳಿದಲ್ಲಿ ದಾರ ಹೋಗಿ ಕೆಳಗಿನ ನಿಜವಾದ ಹಿನ್ನೆಲೆ ಕಾಣುತ್ತದೆ. ಸ್ಟ್ಯಾಂಡಿಗೂ ಅದರ ನೆರಳಿಗೂ ಇದೇ ಉಪಾಯ. ಕೈ ತಪ್ಪಿ ಹೆಚ್ಚು ಬಳಿದರೆ ಬಿಳಿ ಬಣ್ಣ ಬಳಿಯಿರಿ, ಮರಳಿ ಬರುತ್ತದೆ.

ಕಷ್ಟವಿರುವುದು ದಾರ ಚಿನ್ನಕ್ಕೆ ತಾಗುವ ಕಡೆ, ಅಂದರೆ ಝುಮಕಿಯ ಕೊಕ್ಕೆಯ ಮೇಲೆ. ಅಲ್ಲಿ ಹೆಚ್ಚಿನವರು Heal ಉಪಕರಣ ಹಿಡಿಯುತ್ತಾರೆ. ಅದು ಅಕ್ಕಪಕ್ಕದ ಬಣ್ಣವನ್ನು ಬೆರೆಸುವುದರಿಂದ ಅಂಚಿನಲ್ಲಿ ಬಿಳಿಯೂ ಚಿನ್ನವೂ ಕಲಸಿ ಕೊಳೆ ಮೆತ್ತಿದಂತಾಗುತ್ತದೆ. ಇದಕ್ಕೆ Paths ಉಪಕರಣದಿಂದ ಕೊಕ್ಕೆಯ ಅಂಚಿನ ಗುಂಟ ಗೆರೆ ಎಳೆದು, Enter ಒತ್ತಿ ಆಯ್ಕೆ ಮಾಡಿಕೊಳ್ಳಿ. Select > Feather ನಲ್ಲಿ 1 ಪಿಕ್ಸೆಲ್ ಕೊಟ್ಟರೆ ಅಂಚು ಕತ್ತರಿಸಿದಂತೆ ಕಾಣುವುದಿಲ್ಲ. ಮುಸುಕನ್ನು ಬಿಟ್ಟು ಫೋಟೋ ಪದರವನ್ನೇ ಒತ್ತಿ, ಆಮೇಲೆ Clone ಹಿಡಿಯಿರಿ. ಅದೇ ಕೊಕ್ಕೆಯ ಪಕ್ಕದ ಭಾಗವನ್ನು Ctrl ಒತ್ತಿ ಕ್ಲಿಕ್ ಮಾಡಿ, ದಾರದ ಮೇಲೆ ಸಣ್ಣ ಸಣ್ಣದಾಗಿ ಇಡಿ. ಹೊಳಪಿನ ಗೆರೆ ಎಲ್ಲೂ ತುಂಡಾಗದೆ ಮುಂದುವರಿದಿದ್ದರೆ ಕೆಲಸ ಸರಿ. ಆಮೇಲೆ Select > None ಒತ್ತಿ ಆಯ್ಕೆ ಬಿಡಿಸಿ.

ದಾರ ಹೋದರೂ ಸ್ಟ್ಯಾಂಡಿನ ಕಾಲು ಝುಮಕಿಯ ಬುಟ್ಟಿಯಲ್ಲಿ ಕಪ್ಪು ಪಟ್ಟಿಯಾಗಿ ಪ್ರತಿಬಿಂಬಿಸುತ್ತಿರುತ್ತದೆ. ಇದನ್ನು Clone ನಿಂದ ತುಂಬಿದರೆ ಚಿನ್ನ ಚಪ್ಪಟೆಯಾಗಿ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಕಾಗದ ಮರೆಮಾಡಿದ ಫೋಟೋ ಬೇಕಾದದ್ದು ಇಲ್ಲಿಯೇ. ಆ ಪದರದ ಕಣ್ಣು ತೆರೆದು ಎಲ್ಲಕ್ಕಿಂತ ಮೇಲಕ್ಕೆ ತಂದು, ಕಪ್ಪು ಮುಸುಕು ಹಾಕಿ, ಪಟ್ಟಿ ಇರುವಷ್ಟು ಜಾಗದಲ್ಲಿ ಮಾತ್ರ ಬಿಳಿ ಬಳಿಯಿರಿ. ಎಲ್ಲ ಕಪ್ಪು ಗೆರೆಗಳನ್ನೂ ತೆಗೆಯುವ ಆಸೆ ಬೇಡ. ಕಪ್ಪು ಇದ್ದರೇ ಚಿನ್ನಕ್ಕೆ ಹೊಳಪು. ನೋಡಿದವರು ‘ಇದು ಸ್ಟ್ಯಾಂಡು’ ಎಂದು ಗುರುತಿಸುವಂಥದ್ದು ಹೋದರೆ ಸಾಕು.

ಧೂಳು ಕೊನೆಗೆ. ಎಲ್ಲವನ್ನೂ ಸೇರಿಸಿದ ಒಂದು ಹೊಸ ಪದರವನ್ನು Layer > New from Visible ನಿಂದ ಮಾಡಿ, ಅದರ ಇನ್ನೊಂದು ನಕಲಿನ ಮೇಲೆ Colors > Levels ತೆರೆದು ಎಡಗಡೆಯ ಕಪ್ಪು ತ್ರಿಕೋನವನ್ನು ನಿಧಾನವಾಗಿ ಬಲಕ್ಕೆ ಎಳೆಯಿರಿ. ಬಿಳಿ ಹಿನ್ನೆಲೆಯಲ್ಲಿ ಅಡಗಿದ್ದ ಧೂಳು, ಉಳಿದ ದಾರದ ತುಣುಕು ಕಪ್ಪಾಗಿ ಎದ್ದು ಕಾಣುತ್ತವೆ. ಈ ನಕಲು ಬರೀ ನೋಡುವುದಕ್ಕೆ. ಜಾಗ ಗುರುತಿಸಿಕೊಂಡು, ನಕಲಿನ ಕಣ್ಣು ಮುಚ್ಚಿ, ಕೆಳಗಿನ ಪದರದಲ್ಲಿ Heal ಹಿಡಿದು, ಪಕ್ಕದ ಶುಭ್ರ ಜಾಗವನ್ನು Ctrl ಒತ್ತಿ ಕ್ಲಿಕ್ ಮಾಡಿ ಒರೆಸಿ. ಬಯಲು ಹಿನ್ನೆಲೆಯಲ್ಲಿ Heal ನಷ್ಟು ಚುರುಕು ಬೇರೆ ಇಲ್ಲ.

ಒಡವೆಯ ಮೇಲಿನ ಚುಕ್ಕೆಗೆ ಮಾತ್ರ ತಡೆಯಿರಿ. ಬುಟ್ಟಿಯ ರವೆಕಾಳು, ಕೆತ್ತನೆಯ ತಗ್ಗು, ಅಕ್ಕಸಾಲಿಗರ ಬೆಸುಗೆಯ ಗುರುತು ದೂರದಿಂದ ಧೂಳಿನಂತೆಯೇ ಕಾಣುತ್ತವೆ. ಸಂದೇಹ ಬಂದರೆ ಒಡವೆಯನ್ನೇ ಭೂತಗನ್ನಡಿಯಲ್ಲಿ ನೋಡಿ. ಬಿಐಎಸ್ ಗುರುತು ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿಯನ್ನು ಕಲೆಯೆಂದು ಅಳಿಸಿಬಿಡುವುದೂ ಉಂಟು. ಹಳೆಯ ಒಡವೆಯ ಗೀರನ್ನೂ ಮುಟ್ಟಬೇಡಿ. ಪಾರ್ಸೆಲ್ ಬಿಚ್ಚಿದ ಅಕ್ಕನವರಿಗೆ ಫೋಟೋದಲ್ಲಿಲ್ಲದ ಗೀರು ಕಂಡರೆ ಒಡವೆ ವಾಪಸು ಬರುತ್ತದೆ. ಒಂದು ಝುಮಕಿಯನ್ನು ತಿರುಗಿಸಿ ಜೋಡಿ ಮಾಡುವ ಚಾಳಿಯೂ ಹಾಗೆಯೇ. ಕೈಯಲ್ಲಿ ಮಾಡಿದ ಎರಡು ಝುಮಕಿ ತದ್ರೂಪು ಇರುವುದಿಲ್ಲ, ಎರಡನ್ನೂ ಬೇರೆ ಬೇರೆ ತೆಗೆಯಿರಿ.

ಪದರಗಳಿರುವ .xcf ಕಡತವನ್ನು ಉಳಿಸಿಕೊಂಡೇ .jpg ಮಾಡಿ. ಅಮೆಜಾನ್‌ನಂಥ ತಾಣಗಳು ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಕೇಳುತ್ತವೆ, ಅಂದರೆ ಮೂರೂ ಬಣ್ಣದ ಅಂಕಿ 255. ನಿಮ್ಮ ಹಿನ್ನೆಲೆ 250ರ ಸುತ್ತ ಇದ್ದರೆ Levels ನಲ್ಲಿ ಬಲಗಡೆಯ ಬಿಳಿ ತ್ರಿಕೋನವನ್ನು ಅಷ್ಟಕ್ಕೇ ತನ್ನಿ. ಅದಕ್ಕಿಂತ ಒಳಗೆ ಎಳೆದರೆ ಝುಮಕಿಯ ಮುತ್ತುಗಳ ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.